ಹಾರ ತೆಗೆಯುವ ಹೊತ್ತು

ಆ ಸಂಜೆ ಮಾಸ್ತರ ಕೊರಳಿಗೆ ಬಿದ್ದದ್ದು ಒಟ್ಟು ನಾಲ್ಕು ಹಾರ. ಮೊದಲನೆಯದನ್ನು ಹಾಕಿದವಳು ನಾನು. ಶಾಲೆಯ ವಾರ್ಷಿಕೋತ್ಸವ, ಅವರು ಮುಖ್ಯ ಅತಿಥಿ. ಎಪ್ಪತ್ತೆಂಟು ದಾಟಿದ ನಿವೃತ್ತ ಕನ್ನಡ ಮಾಸ್ತರು, ಕೈಯಲ್ಲೊಂದು ಊರುಗೋಲು, ಎರಡೂ ಕಿವಿಯ ಹಿಂದೆ ಪುಟ್ಟ ಕಿವಿ ಮಷೀನು. ಒಬ್ಬೊಬ್ಬರೇ ಬಂದು ಹಾರ ಹಾಕಿದರು, ಚಪ್ಪಾಳೆ ಬಿತ್ತು. ಅವರು ಎಲ್ಲರೂ ಮಾಡುವ ಹಾಗೆ ವಿನಯದಿಂದ ನಾಲ್ಕೂ ಹಾರವನ್ನು ಒಟ್ಟಿಗೆ ಹಿಡಿದು ತಲೆಯ ಮೇಲಿಂದ ಎತ್ತಿ ತೆಗೆದು ಮೇಜಿನ ಮೇಲಿಟ್ಟರು.

ಭಾಷಣ ಚೆನ್ನಾಗಿಯೇ ಆಯಿತು. ಆಮೇಲೆ ಮಕ್ಕಳು ಪ್ರಶ್ನೆ ಕೇಳುವ ಹೊತ್ತು ಬಂತು. ಏಳನೇ ತರಗತಿಯ ಒಬ್ಬ ಹುಡುಗ ಎದ್ದು, "ಮಾಸ್ತರೇ, ನೀವು ಸಣ್ಣವರಿದ್ದಾಗ ಮಳೆಗಾಲದಲ್ಲಿ ಶಾಲೆಗೆ ಹೊಳೆ ದಾಟಿ ಹೋಗ್ತಿದ್ರಾ?" ಎಂದು ಕೇಳಿದ. ಮಾಸ್ತರು ನಗುತ್ತಾ, "ಹೌದು, ಎಲ್ಲರೂ ದಿನಾ ಓದಬೇಕು" ಅಂದರು. ಮಕ್ಕಳು ಗೊಳ್ಳೆಂದು ನಕ್ಕರು. ಮತ್ತೊಂದು ಪ್ರಶ್ನೆಗೂ ಹಾಗೆಯೇ ಆಯಿತು. ಮೂರನೆಯದಕ್ಕೆ ಅವರು ಸುಮ್ಮನೆ ಕೈ ಮುಗಿದು ಕೂತುಬಿಟ್ಟರು.

ಕಾರ್ಯಕ್ರಮ ಮುಗಿದ ಮೇಲೆ ಅವರ ಬಲಗಿವಿಯ ಹಿಂದೆ ನೋಡಿದೆ. ಮಷೀನು ಇರಲಿಲ್ಲ. ಎಡಗಿವಿಯದು ಕಿವಿಯೊಳಗಿನಿಂದ ಜಾರಿ ನೇತಾಡುತ್ತಿತ್ತು. ಹಾರ ತೆಗೆದಾಗಿನಿಂದ ಅವರಿಗೆ ಏನೂ ಸರಿಯಾಗಿ ಕೇಳಿಸಿರಲಿಲ್ಲ. ಎಲ್ಲರ ಮುಂದೆ ಕಿವಿಗೆ ಕೈ ಹಾಕಿ ಹುಡುಕುವುದು ಅವರಿಗೆ ಸಂಕೋಚ. ಹಾರಗಳನ್ನು ಅಷ್ಟು ಹೊತ್ತಿಗಾಗಲೇ ಯಾರೋ ಹಿತ್ತಲ ಗೊಬ್ಬರಗುಂಡಿಗೆ ಒಯ್ದು ಹಾಕಿದ್ದರು. ಟಾರ್ಚು ಹಿಡಿದು ಹುಡುಕಿದೆವು, ಸಿಗಲಿಲ್ಲ. ಮರುದಿನ ಬೆಳಿಗ್ಗೆ ಸೇವಂತಿಗೆಯ ರಾಶಿಯೊಳಗೆ, ಜರಿ ಎಳೆಗೆ ಸಿಕ್ಕಿಕೊಂಡ ಸ್ಥಿತಿಯಲ್ಲಿ ಅಡುಗೆಯವರ ಕಣ್ಣಿಗೆ ಬಿತ್ತು.

ಅದನ್ನು ಹಿಂದಿರುಗಿಸಲು ಅವರ ಮನೆಗೆ ಹೋದೆ. ಕುಡಿಯಲು ಆಸರಿ ಕೊಟ್ಟರು. ನಾನು ತಪ್ಪಾಯಿತೆಂದು ಹೇಳುವುದಕ್ಕೂ ಬಿಡಲಿಲ್ಲ. "ಹಾಕಿದ್ದು ನೀನು, ತೆಗದ್ದು ಆನೇ ಅಲ್ದಾ ತಂಗೀ" ಅಂದರು.

ಅವರು ನನ್ನನ್ನು ಸಮಾಧಾನ ಮಾಡಲೆಂದು ಆಡಿದ ಮಾತದು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಶಿರಸಿ ಸೀಮೆಯ ಹಳ್ಳಿ ಶಾಲೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸ್ವಾಗತ ಸಮಿತಿಯ ಕೆಲಸ ನೋಡಿಕೊಂಡವಳು ನಾನು. ಹಾರ ಯಾರು ಹಾಕಬೇಕು, ಯಾವ ಹೂವಿನದು, ಯಾರ ನಂತರ ಯಾರು ಎಂದು ಪಟ್ಟಿ ಬರೆದಿದ್ದೇನೆ. ಅದನ್ನು ಅತಿಥಿ ಹೇಗೆ ತೆಗೆಯುತ್ತಾರೆ, ತೆಗೆದು ಎಲ್ಲಿ ಇಡುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹಾರ ಕೊರಳಲ್ಲಿ ಇರುವುದು ಹೆಚ್ಚೆಂದರೆ ಎರಡು ನಿಮಿಷ. ಹಾಕುವ ಕ್ಷಣಕ್ಕೆ ನಾವು ಇಷ್ಟೆಲ್ಲ ತಯಾರಿ ಮಾಡುತ್ತೇವೆ, ತೆಗೆಯುವ ಕ್ಷಣವನ್ನು ಪೂರ್ತಿ ಅತಿಥಿಯ ತಲೆಗೆ ಕಟ್ಟಿಬಿಡುತ್ತೇವೆ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಹಗ್ಗದ ತುಂಡೊಂದನ್ನು ಹಾರದ ಹಾಗೆ ಕಟ್ಟಿಕೊಂಡು ನೋಡಿದೆ. ಹಾಕುವಾಗ ಹಾರ ಮೇಲಿಂದ ಕೆಳಗೆ ಬರುತ್ತದೆ. ಹಾಕುವವರ ಎರಡು ಕೈಗಳು ಅದನ್ನು ಅಗಲವಾಗಿ ಹಿಡಿದಿರುತ್ತವೆ, ಹಾಗಾಗಿ ಎಳೆ ಕಿವಿಯ ಹೊರಗಿನಿಂದಲೇ ಇಳಿದು ಹೆಗಲ ಮೇಲೆ ಕೂರುತ್ತದೆ. ತೆಗೆಯುವಾಗ ದಿಕ್ಕು ತಿರುಗುತ್ತದೆ. ಅತಿಥಿ ಹಾರವನ್ನು ಎದೆಯ ಹತ್ತಿರ ಹಿಡಿದು ಎತ್ತುತ್ತಾರೆ. ಕತ್ತಿನ ಹಿಂದಿರುವ ಎಳೆ ಬಿಗಿಯಾಗಿ, ಕತ್ತಿಗೆ ಉಜ್ಜಿಕೊಂಡೇ ಕೆಳಗಿಂದ ಮೇಲೆ ಏರುತ್ತದೆ. ದಾರಿಯಲ್ಲಿ ಮೊದಲು ಸಿಗುವುದು ಕಿವಿಯ ಹಿಂಭಾಗ. ಕನ್ನಡಕದ ಕಡ್ಡಿಯ ತುದಿ ಅಲ್ಲಿ ಕೆಳಮುಖವಾಗಿ ಬಾಗಿರುತ್ತದೆ, ಕಿವಿ ಮಷೀನೂ ಅಲ್ಲೇ ಕೂತಿರುತ್ತದೆ. ಕೆಳಗಿಂದ ಬರುವ ದಾರ ಎರಡನ್ನೂ ಕೊಕ್ಕೆಯ ಹಾಗೆ ಎತ್ತಿಬಿಡುತ್ತದೆ. ಎಷ್ಟೋ ಅತಿಥಿಗಳು ಹಾರ ತೆಗೆದ ಕೂಡಲೇ ಕನ್ನಡಕ ಸರಿಪಡಿಸಿಕೊಳ್ಳುವುದನ್ನು ನಾನು ನೋಡಿದ್ದೆ. ಅದು ಅವರ ಅಭ್ಯಾಸವೆಂದು ತಿಳಿದಿದ್ದೆ.

ಪೇಟ ತೊಡಿಸುವ ರೂಢಿ ಇದ್ದರೆ ಇದು ಇನ್ನಷ್ಟು ತೊಡಕು. ಪೇಟವನ್ನು ಮೊದಲು ತೊಡಿಸಿದರೆ ಹಾರ ಅದರ ಮೇಲಿಂದ ಇಳಿಯುವುದೇ ಇಲ್ಲ, ಪೇಟ ಓರೆಯಾಗುತ್ತದೆ. ಹಾರವಾದ ಮೇಲೆ ತೊಡಿಸಿದರೆ ಹಾಕುವುದು ಸಲೀಸು, ಆದರೆ ತೆಗೆಯುವಾಗ ಪೇಟವನ್ನು ಮೊದಲು ತೆಗೆಯಬೇಕು. ಇದು ಅತಿಥಿಗೆ ಗೊತ್ತಿರುವುದಿಲ್ಲ, ಹಾರವನ್ನೇ ಮೊದಲು ಎಳೆಯುತ್ತಾರೆ. ಅಂಗಡಿಯ ಸಿದ್ಧ ಪೇಟ ಸಣ್ಣ ತಲೆಯ ವೃದ್ಧರಿಗೆ ದೊಡ್ಡದಾಗಿ ಹುಬ್ಬಿನವರೆಗೆ ಜಾರುತ್ತದೆ. ಅಳತೆ ನೋಡದೆ ಪೇಟ ತರಿಸುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ.

ಮುಂದಿನ ವರ್ಷ ನಮ್ಮೂರ ವಾಚನಾಲಯದ ವಾರ್ಷಿಕ ಸಭೆಗೆ ಅದೇ ಮಾಸ್ತರನ್ನು ಕರೆಯುವುದೆಂದು ತೀರ್ಮಾನವಾಯಿತು. ಕರೆಯಲು ಹೇಳಿದವಳೂ ನಾನೇ. ಈ ಸಲ ಹಾರದ ಕೆಲಸವನ್ನು ಬುಡದಿಂದ ಶುರು ಮಾಡಬೇಕೆಂದುಕೊಂಡೆ.

ಶಿರಸಿ ಪೇಟೆಯ ಹೂವಿನಾಕೆಯ ಹತ್ತಿರ ಹೋಗಿ ನನ್ನ ಕಷ್ಟ ಹೇಳಿದೆ. ಕತ್ತಿನ ಹಿಂದೆ ಬಿಚ್ಚಲು ಬರುವ ಹಾರ ಬೇಕು, ತಲೆಯ ಮೇಲಿಂದ ಎತ್ತುವ ಪ್ರಮೇಯವೇ ಬರಬಾರದು ಎಂದೆ. ಹೊಸದೇನೋ ಕೇಳುತ್ತಿದ್ದೇನೆ ಎಂಬ ಅಳುಕು ನನಗಿತ್ತು. ಆಕೆ ಕೈಯಲ್ಲಿದ್ದ ಹಾರವನ್ನೇ ಎತ್ತಿ ತೋರಿಸಿದಳು. "ಇದು ದೇವರ ಹಾರ ಅಲ್ವಾ ಅಕ್ಕೋರೇ. ಮೂರ್ತಿಗೆ ತಲೆ ಮೇಲಿಂದ ಹಾಕೋಕೆ ಆಗೋದಿಲ್ಲ, ಅದಕ್ಕೆ ಎರಡೂ ತುದಿ ಬಿಟ್ಟೇ ಕಟ್ಟೋದು. ದೇವರಿಗೆ ಕಟ್ಟಿದ ಹಾಗೆ ಕಟ್ಟಿ ಕೊಡು ಅನ್ನಿ, ಅಷ್ಟೇ." ಕಿರೀಟ, ಪ್ರಭಾವಳಿ ಇರುವ ಮೂರ್ತಿಗೆ ಹಾರ ಹಾಕುವವರಿಗೆ ಈ ಸಮಸ್ಯೆ ಯಾವತ್ತೋ ಎದುರಾಗಿತ್ತು, ಪರಿಹಾರವೂ ಸಿಕ್ಕಿತ್ತು. ಮನುಷ್ಯರ ಕೊರಳಿಗೆ ಹಾಕುವಾಗ ಅದನ್ನು ಯಾರೂ ನೆನೆದಿರಲಿಲ್ಲ.

ಅಳತೆಯನ್ನು ಇಬ್ಬರೂ ಕೂತು ಹಾಕಿದೆವು. ನಿಂತವರಿಗೆ ಮೊಣಕಾಲ ತನಕ ಇಳಿಯುವ ಹಾರ ಫೋಟೋದಲ್ಲಿ ಚಂದ, ಆದರೆ ಕೂತ ಕೂಡಲೇ ತೊಡೆಯ ಮೇಲೆ ಮಡಚಿಕೊಂಡು ಮೇಜಿನ ಅಂಚಿಗೆ ಸಿಕ್ಕಿ ಹೂ ನಲುಗುತ್ತದೆ. ಮಾಸ್ತರು ಹೆಚ್ಚು ಹೊತ್ತು ಕೂತೇ ಇರುವವರು. ಅವರಿಗೆ ಕತ್ತಿನಿಂದ ಹೊಕ್ಕುಳ ಹತ್ತಿರದವರೆಗೆ ಬಂದರೆ ಸಾಕು. ಒಂದೊಂದು ಬದಿಗೆ ಒಂದೂವರೆ ಮೊಳದ ಹಾಗೆ ಒಟ್ಟು ಮೂರು ಮೊಳ, ಕೆಳಗೆ ಎರಡು ಬದಿಯನ್ನು ಸೇರಿಸಿ ಒಂದು ಸಣ್ಣ ಕುಚ್ಚು. ಕತ್ತಿನ ಹಿಂದೆ ಬರುವ ಒಂದು ಗೇಣಿನಷ್ಟು ಜಾಗದಲ್ಲಿ ಹೂವು ಬೇಡ, ಜರಿಯೂ ಬೇಡ, ಮೆತ್ತನೆಯ ಹತ್ತಿಯ ಲಾಡಿ ಇರಲಿ ಎಂದೆ. ಎರಡು ತುದಿಯ ಲಾಡಿಯನ್ನು ಕತ್ತಿನ ಹಿಂದೆ ಜಾರುಗಂಟು ಹಾಕುವುದು. ಒಂದು ತುದಿ ಎಳೆದರೆ ಗಂಟು ಬಿಚ್ಚಬೇಕು, ಹಾರ ಹಿಂದಿನಿಂದ ಸಡಿಲಾಗಿ ಮುಂದೆ ಮಡಿಲಿಗೆ ಇಳಿಯಬೇಕು.

ಯಾವ ಹೂವು ಎನ್ನುವುದರಲ್ಲಿ ನನಗೆ ನನ್ನದೇ ಒಲವಿದೆ. ಘಟ್ಟದ ಮೇಲೆ ನಮಗೆ ಸುಲಭಕ್ಕೆ ಸಿಗುವುದು ಬಯಲುಸೀಮೆಯಿಂದ ಬರುವ ಸೇವಂತಿಗೆ ಮತ್ತು ಚೆಂಡುಹೂವು. ಅವಕ್ಕೆ ಭಾರ ಜಾಸ್ತಿ. ಬಾಡದಿರಲೆಂದು ಅಂಗಡಿಯಲ್ಲಿ ನೀರು ಚಿಮುಕಿಸುತ್ತಲೇ ಇರುತ್ತಾರೆ, ಆ ನೀರು ಹೂವಿನ ಹೊಟ್ಟೆಯಲ್ಲಿ ಕೂತು ಅತಿಥಿಯ ಎದೆಯ ಮೇಲೆ ಇಳಿಯುತ್ತದೆ. ಬಿಳಿ ಜುಬ್ಬದ ಮೇಲೆ ಹಳದಿ ಕಲೆ ಬಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೇವಂತಿಗೆಯೇ ಆಗಬೇಕಾದರೆ ಹಾರವನ್ನು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಹೊರತೆಗೆದು, ಮೆಲ್ಲಗೆ ಕೊಡವಿ, ಒಣಬಟ್ಟೆಯ ಮೇಲೆ ಹರಡಿ ಇಟ್ಟರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಅಂಗೈಯನ್ನು ಹೂವಿನ ಮೇಲೆ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಅಂಗೈ ಒದ್ದೆಯಾದರೆ ಅಂಗಿಯೂ ಒದ್ದೆಯಾಗುತ್ತದೆ.

ಮಾಸ್ತರಿಗೆ ಭಟ್ಕಳ ಮಲ್ಲಿಗೆ ತರಿಸಿದೆ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮೊಗ್ಗಿನ ಮಾಲೆ ಹಗುರ, ಕತ್ತಿಗೆ ಚುಚ್ಚುವಂಥದ್ದು ಅದರಲ್ಲಿ ಏನೂ ಇಲ್ಲ. ಈ ಮಲ್ಲಿಗೆಯಲ್ಲಿ ಹೊತ್ತಿನ ಲೆಕ್ಕ ಮುಖ್ಯ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಗೆ ಅರಳುತ್ತದೆ. ಬೆಳಿಗ್ಗೆ ಹತ್ತೂವರೆಯ ಕಾರ್ಯಕ್ರಮಕ್ಕೆ ಅಂದೇ ಕೊಯ್ದ ಮಲ್ಲಿಗೆ ತಂದರೆ ಅತಿಥಿಗೆ ಸಿಗುವುದು ಬರೀ ಮೊಗ್ಗು, ಪರಿಮಳ ಇನ್ನೂ ಒಳಗೇ ಇರುತ್ತದೆ. ನಮ್ಮದು ಸಂಜೆ ಐದರ ಸಭೆ, ಹಾಗಾಗಿ ಮಲ್ಲಿಗೆ ಸರಿಹೊಂದಿತು. ಭಟ್ಕಳದಿಂದ ಕುಮಟೆಗೆ ಬಂದು, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಬಸ್ಸಿನಲ್ಲಿ ಬಂದ ಮೊಗ್ಗಿನ ಸರ ಮಧ್ಯಾಹ್ನ ನಮ್ಮ ಕೈ ಸೇರಿತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಒಳಗೇ ಬೆವರಿ ಎಸಳಿನ ಅಂಚು ಕಂದಾಗುತ್ತದೆ. ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿ, ನೆರಳಲ್ಲಿ ಇಟ್ಟೆ. ಮೂರು ಸರವನ್ನು ಒಟ್ಟಿಗೆ ಹೆಣೆದು, ನಡುನಡುವೆ ಅಬ್ಬಲಿಗೆಯ ಕೆಂಪು ಕೊಟ್ಟು, ತುದಿಗೆ ಲಾಡಿ ಹೊಲಿದದ್ದು ನಾಲ್ಕು ಗಂಟೆಗೆ.

ಇನ್ನು ಶಾಲು. ಶಾಲು ಮೊದಲು, ಹಾರ ಆಮೇಲೆ. ಹಾರದ ಮೇಲೆ ಶಾಲು ಹೊದಿಸಿದರೆ ಹೂವು ಅಡಿಯಲ್ಲಿ ಸಿಕ್ಕಿ ನಲುಗುತ್ತದೆ. ಶಾಲಿನ ಮೇಲೆ ಹಾರ ಬಂದರೆ ಶಾಲೂ ಜಾರದೆ ನಿಲ್ಲುತ್ತದೆ. ಕ್ರಮ ಹೀಗಿರುವುದಕ್ಕೆ ನನಗೆ ಗೊತ್ತಿರುವ ಕಾರಣ ಇದು. ಆದರೆ ಶಾಲು ಹೊದಿಸುವುದೆಂದರೆ ಎರಡು ತುದಿ ಹಿಡಿದು ಮೈಮೇಲೆ ಎಸೆಯುವುದಲ್ಲ. ಬಹಳ ಕಡೆ ಪ್ಲಾಸ್ಟಿಕ್ ಹೊದಿಕೆಯನ್ನು ವೇದಿಕೆಯ ಮೇಲೆಯೇ ಹರಿಯುತ್ತಾರೆ, ಅದು ಮೈಕಿನಲ್ಲಿ ಚರಚರ ಎನ್ನುತ್ತದೆ. ಒಳಗಿನ ರಟ್ಟು ಕೆಳಗೆ ಬೀಳುತ್ತದೆ, ಬೆಲೆಯ ಚೀಟಿ ಹೆಗಲ ಮೇಲೆ ನೇತಾಡುತ್ತದೆ. ಹಿಂದಿನ ದಿನವೇ ಶಾಲನ್ನು ಬಿಡಿಸಿ ಗುಂಡುಸೂಜಿ ಇದೆಯೇ ಎಂದು ಬೆರಳಾಡಿಸಿ ನೋಡಬೇಕು. ನನ್ನ ಬೆರಳಿಗೆ ಎರಡು ಸಲ ಚುಚ್ಚಿದೆ, ಅದು ಅತಿಥಿಯ ಕತ್ತಿಗೆ ಚುಚ್ಚಬೇಕಾಗಿದ್ದ ಸೂಜಿ.

ನಂತರ ಉದ್ದಕ್ಕೆ ಮಡಿಕೆ. ಅಗಲವನ್ನು ನಾಲ್ಕು ಪದರಾಗಿ ಮಡಿಸಿದರೆ ಒಂದು ಗೇಣು ಆಸುಪಾಸಿನ ಪಟ್ಟಿಯಾಗುತ್ತದೆ, ಅಂಚು ಹೊರಗೆ ಕಾಣುವ ಹಾಗೆ. ಪೂರ್ತಿ ಬಿಚ್ಚಿ ಹೊದಿಸಿದರೆ ಮೊಣಕೈ ತನಕ ಸುತ್ತಿಕೊಳ್ಳುತ್ತದೆ, ಅತಿಥಿಗೆ ಕೈಮುಗಿಯಲೂ ಆಗದು. ಜನವರಿಯ ಶಿರಸಿ ಸಂಜೆಯಲ್ಲಿ ಪೂರ್ತಿ ಹೊದ್ದರೂ ಹಿತ, ಕಾರವಾರದ ಕಡಲಬದಿಯ ಬೇಸಗೆ ಸಭೆಯಲ್ಲಿ ಅದೇ ಶಾಲು ಶಿಕ್ಷೆ. ಮಡಿಸಿದ ಪಟ್ಟಿಯ ನಡುಭಾಗವನ್ನು ಗುರುತಿಟ್ಟುಕೊಂಡು, ಅತಿಥಿಯ ಹಿಂದೆ ನಿಂತು, ನಡುಭಾಗ ಕತ್ತಿನ ಕೆಳಗೆ ಬೆನ್ನಿನ ಮೇಲ್ತುದಿಗೆ ಬರುವಂತೆ ಇರಿಸಿ, ಎರಡು ತುದಿಯನ್ನು ಹೆಗಲ ಮೇಲಿಂದ ಮುಂದೆ ಇಳಿಬಿಡಬೇಕು. ಅಂಗಡಿಯಲ್ಲಿ ಡಜನ್ನಿನ ಲೆಕ್ಕದಲ್ಲಿ ಸಿಗುವ ಹೊಳೆಯುವ ನಯವಾದ ಶಾಲುಗಳು ಹೆಗಲಲ್ಲಿ ನಿಲ್ಲುವುದಿಲ್ಲ, ಅತಿಥಿ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕೂರಬೇಕು. ಮೂರು ನಯವಾದ ಶಾಲಿನ ದುಡ್ಡಿಗೆ ಒಂದು ಹತ್ತಿಯ ಶಾಲು ಬಂದರೆ ಆ ಒಂದೇ ಸಾಕು ಎಂದು ನಾನು ಸಮಿತಿಯಲ್ಲಿ ಹಟ ಹಿಡಿದೆ. ಮಾಸ್ತರು ಅದನ್ನು ಮನೆಯಲ್ಲಿ ಹೆಗಲಿಗೆ ಹಾಕಿಕೊಳ್ಳಬಹುದು.

ಹಿಂದೆ ನಿಂತು ಹೊದಿಸುವುದು ಎಂದೆನಲ್ಲ, ಅದಕ್ಕೆ ಹಿಂದೆ ನಿಲ್ಲಲು ಜಾಗ ಬೇಕು. ನಮ್ಮ ಹಳ್ಳಿಯ ಸಭಾಭವನಗಳಲ್ಲಿ ಕುರ್ಚಿಯನ್ನು ಹಿಂದಿನ ಬ್ಯಾನರಿಗೆ ತಾಗಿಸಿ ಇಡುತ್ತಾರೆ. ಹಾಗಾಗಿ ಹಾರ ಹಾಕುವವರು ಮೇಜಿನ ಈಚೆಯಿಂದ ಬಾಗಿ, ಅತಿಥಿ ಆಚೆಯಿಂದ ಕತ್ತು ಚಾಚಿ, ನಡುವೆ ನೀರಿನ ಲೋಟ ಉರುಳಿ ಎಲ್ಲ ಗಡಿಬಿಡಿಯಾಗುತ್ತದೆ. ಈ ಸಲ ಮೇಜನ್ನೂ ಕುರ್ಚಿಯನ್ನೂ ಎರಡು ಅಡಿ ಮುಂದಕ್ಕೆ ಎಳೆಸಿದೆ. ಇಡೀ ತಯಾರಿಯಲ್ಲಿ ಖರ್ಚಿಲ್ಲದ ಕೆಲಸ ಇದೊಂದೇ, ಅತ್ಯಂತ ಉಪಯೋಗಕ್ಕೆ ಬಂದದ್ದೂ ಇದೇ. ಮಾಸ್ತರು ಏಳಬೇಕಾಗಲಿಲ್ಲ. ಊರುಗೋಲು ಹಿಡಿದವರನ್ನು ಹಾರಕ್ಕಾಗಿ ಎಬ್ಬಿಸಿ ನಿಲ್ಲಿಸುವುದು, ಫೋಟೋದವರು "ಈ ಕಡೆ ನೋಡಿ, ಇನ್ನೊಮ್ಮೆ" ಎನ್ನುತ್ತಾ ಹಾರವನ್ನು ಗಾಳಿಯಲ್ಲೇ ಹಿಡಿಸುವುದು ನನಗೆ ನೋಡಲಾಗದ ದೃಶ್ಯ. ಫೋಟೋದವರಿಗೆ ಮೊದಲೇ ಹೇಳಿದ್ದೆ: ಯಾರೂ ನಿಲ್ಲುವುದಿಲ್ಲ, ಬಲಬದಿಯಿಂದ ತೆಗೆಯಿರಿ, ಒಂದೇ ಸಲ.

ಬೊಕ್ಕೆಯ ಬಗ್ಗೆ ಹೆಚ್ಚು ಹೇಳಲಾರೆ, ನಾವು ತರಿಸಲಿಲ್ಲ. ಊರುಗೋಲಿನ ಕೈಗೆ ಬೊಕ್ಕೆ ಕೊಟ್ಟರೆ ಅವರು ಎರಡರಲ್ಲಿ ಒಂದನ್ನು ಬಿಡಬೇಕು. ತರಿಸುವವರು ಎರಡು ವಿಷಯ ನೋಡಿಕೊಂಡರೆ ಒಳ್ಳೆಯದು. ಲಿಲ್ಲಿ ಹೂವಿದ್ದರೆ ಅದರ ನಡುವಿನ ಕಂದು ಪುಡಿಯ ಕಡ್ಡಿಗಳನ್ನು ಮೊದಲೇ ಚಿವುಟಿ ತೆಗೆಯಬೇಕು. ಆ ಪುಡಿ ರೇಷ್ಮೆಗೆ ತಾಗಿದರೆ ಕಲೆ ಹೋಗುವುದು ಕಷ್ಟ. ತಾಗಿದ ಮೇಲೆ ನೀರು ಹಚ್ಚಿ ಉಜ್ಜಬಾರದು, ಅಂಟುಪಟ್ಟಿಯ ತುಂಡು ಒತ್ತಿ ಎತ್ತಿದರೆ ಬಹಳಷ್ಟು ಬರುತ್ತದೆ. ಎರಡನೆಯದು, ಕೊಟ್ಟ ಕೂಡಲೇ ಅದನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ಇಡಲು ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ಇಲ್ಲದಿದ್ದರೆ ಅತಿಥಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ.

ಸರ್ಕಾರಿ ಸಭೆಗಳಲ್ಲಿ ಹಾರ, ಶಾಲು, ಹೂಗುಚ್ಛ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಹೇಳಿತ್ತು. 2023ರಲ್ಲಿ ಮುಖ್ಯಮಂತ್ರಿಯಾದ ಹೊಸತರಲ್ಲಿ ಸಿದ್ದರಾಮಯ್ಯನವರೂ ಹಾರ ಶಾಲು ತರಬೇಡಿ, ಪುಸ್ತಕ ತನ್ನಿ ಎಂದಿದ್ದರು. ವಾಚನಾಲಯದ ಸಭೆಯಲ್ಲಿ ಪುಸ್ತಕದ ಮಾತು ಬರದಿರುತ್ತದೆಯೇ? ಸಮಿತಿಯ ಹುಡುಗರು ಹಾರವನ್ನೇ ಬಿಟ್ಟುಬಿಡೋಣ ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಒಬ್ಬರಿಗೆ ನಾಲ್ಕು ಹಾರ ಹಾಕಿ ನಾಲ್ಕನ್ನೂ ಗುಂಡಿಗೆ ಎಸೆಯುವುದು ನನಗೂ ಒಗ್ಗದು. ಆದರೆ ಹೂವಿನಾಕೆ ಒಂದು ಮಧ್ಯಾಹ್ನ ಕೂತು ಕಟ್ಟಿದ ಒಂದೇ ಹಾರವನ್ನು ಒಬ್ಬ ವೃದ್ಧ ಗುರುವಿನ ಕೊರಳಿಗೆ ಹಾಕುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊನೆಗೆ ಹೀಗೆ ಒಪ್ಪಿದೆವು: ಮುಖ್ಯ ಅತಿಥಿಗೆ ಒಂದು ಶಾಲು, ಒಂದು ಹಾರ. ವೇದಿಕೆಯ ಉಳಿದ ನಾಲ್ವರಿಗೆ ಒಂದೊಂದು ಪುಸ್ತಕ. ಬೇರೆ ಸಂಘಗಳವರು ತಾವೂ ಹಾರ ತರುತ್ತೇವೆ ಎಂದಾಗ, ನಮ್ಮ ಹಾರಕ್ಕೇ ನೀವೂ ಕೈ ಕೊಡಿ ಎಂದು ಕರೆದೆವು.

ಅಧ್ಯಕ್ಷತೆ ವಹಿಸಿದ್ದವರು ಒಬ್ಬ ಹಿರಿಯ ಹೆಂಗಸು, ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರಿಗೆ ಹೂ ಕೊಡಬಹುದೋ ಇಲ್ಲವೋ ಎಂಬ ಪಿಸುಮಾತು ಸಮಿತಿಯಲ್ಲಿ ಎದ್ದಿತು. ಈ ಪಿಸುಮಾತನ್ನು ನಾನು ಬಹಳ ಸಲ ಕೇಳಿದ್ದೇನೆ, ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ವೇದಿಕೆಗೆ ಕರೆದ ಮೇಲೆ ಹೂವಿನ ತಟ್ಟೆ ಅವರ ಮುಂದೆ ಬಂದಾಗ ಪಕ್ಕಕ್ಕೆ ಸರಿಯಬಾರದು. ತೆಗೆದುಕೊಳ್ಳುವುದು ಬಿಡುವುದು ಅವರ ಇಷ್ಟ. ನಾನು ತಟ್ಟೆಯಲ್ಲಿ ಪುಸ್ತಕದ ಮೇಲೆ ಒಂದು ತುಂಡು ಮಲ್ಲಿಗೆ ಇಟ್ಟು ಎಲ್ಲರಿಗೂ ಒಂದೇ ಥರ ಹಿಡಿದೆ. ಅವರು ಮಲ್ಲಿಗೆಯನ್ನು ತೆಗೆದುಕೊಂಡು ಮೂಸಿ ನೋಡಿ ಪುಸ್ತಕದೊಳಗೆ ಇಟ್ಟುಕೊಂಡರು.

ಸಭೆಗೆ ಎರಡು ದಿನ ಇರುವಾಗ ಮಾಸ್ತರಿಗೆ ಫೋನು ಮಾಡಿ ಎಲ್ಲ ವಿವರಿಸಿದ್ದೆ. ಹಾರವನ್ನು ತಲೆಯ ಮೇಲಿಂದ ಹಾಕುವುದಿಲ್ಲ, ಹಿಂದಿನಿಂದ ಕಟ್ಟುತ್ತೇವೆ, ಬಿಚ್ಚುವವಳೂ ನಾನೇ, ನೀವು ಕೈ ಹಾಕಬೇಡಿ ಎಂದೆ. ಫೋನಿನಲ್ಲಿ ಮೂರು ಸಲ ಹೇಳಿದ ಮೇಲೆ "ಅಡ್ಡಿಲ್ಲೆ" ಎಂದರು. ಇಂಥ ವಿಷಯ ಅತಿಥಿಗೆ ಮೊದಲೇ ಹೇಳುವುದು ಮರ್ಯಾದೆಗೆ ಕಡಿಮೆಯೆಂದು ನಾನು ಹಿಂದೆ ಭಾವಿಸಿದ್ದೆ. ಗೊತ್ತಿಲ್ಲದೆ ಹಿಂದಿನಿಂದ ಯಾರೋ ಕತ್ತಿಗೆ ಕೈ ಹಾಕಿದರೆ ಯಾರಾದರೂ ಬೆಚ್ಚಿ ಬೀಳುತ್ತಾರೆ, ಕಿವಿ ಮಂದವಾದವರು ಇನ್ನೂ ಹೆಚ್ಚು.

ಸಂಜೆ ಐದೂಕಾಲಿಗೆ ಸ್ವಾಗತ. ನಾನು ಮೊದಲು ಮಾಸ್ತರ ಮುಂದೆ ಬಂದು, ಅವರ ಕಣ್ಣಿಗೆ ಬೀಳುವಂತೆ ನಿಂತು ನಮಸ್ಕರಿಸಿ, ಶಾಲನ್ನು ತೋರಿಸಿ, ಆಮೇಲೆ ಹಿಂದಕ್ಕೆ ಹೋದೆ. ಶಾಲು ಹೆಗಲ ಮೇಲೆ ಕೂತಿತು. ಕೂತ ಕೂಡಲೇ ಕುಂಯ್ ಎಂಬ ಸಣ್ಣ ಸದ್ದು. ಮಾಸ್ತರು ಹುಬ್ಬು ಗಂಟಿಕ್ಕಿದರು. ಶಾಲಿನ ಮಡಿಕೆ ಕತ್ತಿನ ಮೇಲಕ್ಕೆ ನಿಂತು ಎಡಗಿವಿಯ ಮಷೀನಿಗೆ ಒತ್ತಿಕೊಂಡಿತ್ತು. ಮಷೀನನ್ನು ಬಟ್ಟೆಯೋ ಕೈಯೋ ಮುಚ್ಚಿದರೆ ಅದರಿಂದ ಹೊರಟ ಸದ್ದು ತಿರುಗಿ ಅದಕ್ಕೇ ಸೇರಿ ಹೀಗೆ ಸಿಳ್ಳೆ ಹಾಕುತ್ತದೆ. ಇಷ್ಟೆಲ್ಲ ಯೋಚಿಸಿದವಳಿಗೆ ಇದು ಹೊಳೆದಿರಲಿಲ್ಲ. ಶಾಲನ್ನು ಎರಡು ಬೆರಳು ಕೆಳಗೆ ಇಳಿಸಿದೆ, ಸದ್ದು ನಿಂತಿತು. ಇನ್ನು ಮುಂದೆ ಶಾಲಿನ ನಡುಭಾಗ ಅಂಗಿಯ ಕಾಲರಿಗಿಂತ ಕೆಳಗೇ ಇರಬೇಕೆಂದು ಅಂದೇ ನನ್ನ ಪಟ್ಟಿಯಲ್ಲಿ ಬರೆದುಕೊಂಡೆ.

ಹಾರಕ್ಕೆ ಮೂವರು ಬಂದರು. ಎದುರಿನಿಂದ ಇಬ್ಬರು ಎರಡು ಬದಿಯನ್ನು ಹಿಡಿದು ಹೆಗಲ ಮೇಲೆ ಇರಿಸಿದರು, ನಾನು ಹಿಂದಿನಿಂದ ಲಾಡಿಯನ್ನು ಕತ್ತಿನ ಕೆಳಗೆ ಜಾರುಗಂಟು ಹಾಕಿದೆ. ಗಂಟಿನ ತುದಿ ಬಲಕ್ಕೆ ಬರಲಿ ಎಂದು ನೋಡಿಕೊಂಡೆ, ತೆಗೆಯುವಾಗ ಹುಡುಕಬಾರದಲ್ಲ. ಅಷ್ಟು ಹೊತ್ತಿಗೆ ಮೊಗ್ಗು ಅರಳಲು ಶುರುವಾಗಿತ್ತು. ಮಾಸ್ತರು ತಲೆ ತಗ್ಗಿಸಿ ಎದೆಯ ಮೇಲಿನ ಹೂವನ್ನು ನೋಡಿದರು. ಅವರು ಹಾರ ತೆಗೆಯಲು ಅವಸರ ಮಾಡಲಿಲ್ಲ. ಸ್ವಾಗತ ಭಾಷಣ, ವರದಿ ವಾಚನ ಎಲ್ಲ ಮುಗಿಯುವ ತನಕ ಅದು ಅವರ ಕೊರಳಲ್ಲೇ ಇತ್ತು. ತಾವು ಮಾತಾಡಲು ಏಳುವ ಮುಂಚೆ ನನ್ನ ಕಡೆ ತಿರುಗಿ ನೋಡಿದರು. ಹಿಂದಿನಿಂದ ಹೋಗಿ ಗಂಟಿನ ತುದಿ ಎಳೆದೆ. ಹಾರ ಸದ್ದಿಲ್ಲದೆ ಅವರ ಮಡಿಲಿಗೆ ಇಳಿಯಿತು. ಮೇಜಿನ ಪಕ್ಕದಲ್ಲಿ ಬಾಳೆಎಲೆ ಹಾಸಿದ ಹರಿವಾಣ ಸಿದ್ಧವಿತ್ತು, ಅದರಲ್ಲಿ ಇಟ್ಟೆವು.

ಅವರು ಎದ್ದರು. ಬಲಗೈಯನ್ನು ಒಮ್ಮೆ ಕಿವಿಯ ಹಿಂದೆ ಆಡಿಸಿ ನೋಡಿಕೊಂಡರು. ಮೈಕಿನ ಮುಂದೆ ನಿಂತು ಸಭೆಯನ್ನು ಒಂದು ಸುತ್ತು ನೋಡಿ, ಭಾಷಣ ಶುರು ಮಾಡುವ ಬದಲು ಕೇಳಿದರು: "ಹೋದ ವರ್ಷ ಶಾಲೆಯಲ್ಲಿ ನನಗೊಂದು ಪ್ರಶ್ನೆ ಕೇಳಿದ ಮಾಣಿ ಬಂದಿದ್ದಾನೆಯೇ?"

ಈಗ ಎಂಟನೇ ತರಗತಿಯಲ್ಲಿದ್ದ ಅವನು ಹಿಂದಿನ ಸಾಲಿನಿಂದ ನಾಚುತ್ತಾ ಎದ್ದ. ಮತ್ತೊಮ್ಮೆ ಕೇಳು ಎಂದರು. ಅವನು ಹೊಳೆಯ ಪ್ರಶ್ನೆಯನ್ನು ಮತ್ತೆ ಕೇಳಿದ. ಮಾಸ್ತರು ಕಿವಿಯನ್ನು ಅವನ ಕಡೆಗೆ ಚಾಚಿ ಪೂರ್ತಿ ಕೇಳಿಸಿಕೊಂಡರು.

"ಹೊಳೆಗೆ ಸಂಕ ಇತ್ತು," ಎಂದರು. "ಎರಡು ಅಡಿಕೆಮರ ಅಡ್ಡ ಹಾಕಿದ ಸಂಕ. ಆಷಾಢದಲ್ಲಿ ಅದೂ ಮುಳುಗುತ್ತಿತ್ತು. ಆವಾಗ ಎಂತ ಮಾಡ್ತಿದ್ದೆವು ಅಂದರೆ…"